ಡೆಸಿಗ್ನೇಷನ್ ಮ್ಯಾನೇಜರ್‌ದು, ಸೈನ್ ಯಾರದ್ದು?

ಪ್ರಶ್ನೆ: ಸರ್, ಚಾಕಣ್‌ನಲ್ಲಿ ಒಂದು ಆಟೋ ಪಾರ್ಟ್ಸ್ ಕಂಪನೀಲಿ ಇದೀನಿ. ಆರು ತಿಂಗಳ ಹಿಂದೆ ಪ್ರಾಜೆಕ್ಟ್ ಮ್ಯಾನೇಜರ್ ಅಂತ ಪ್ರಮೋಷನ್ ಕೊಟ್ರು. ಆದ್ರೆ ಟೂಲ್ ರೂಮ್, ಕ್ವಾಲಿಟಿ, ಪರ್ಚೇಸ್ ಯಾರೂ ಮಾತು ಕೇಳಲ್ಲ, ಡೇಟ್ ತಪ್ಪಿದ್ರೆ ಮಾತ್ರ ನನ್ನನ್ನ ಹಿಡ್ಕೋತಾರೆ. ಎಚ್‌ಆರ್ ಕೇಳಿದ್ರೆ ನಮ್ಮದು ಮ್ಯಾಟ್ರಿಕ್ಸ್ ಅಂತಾರೆ. ಫಂಕ್ಷನಲ್, ಮ್ಯಾಟ್ರಿಕ್ಸ್, ಪ್ರಾಜೆಕ್ಟೈಸ್ಡ್ ಅನ್ನೋ ಈ ಮೂರು ಥರದ ಕಂಪನಿ ಸ್ಟ್ರಕ್ಚರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಪವರ್ ನಿಜವಾಗ್ಲೂ ಎಷ್ಟೆಷ್ಟು? ಸರ್ಟಿಫಿಕೇಷನ್ ಪರೀಕ್ಷೆಗೂ ಓದ್ತಿದೀನಿ.

ಉತ್ತರ: ಒಂದು ತೂತಿನ ಕಥೆಯಿಂದ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಬೋರ್ಡ್ ಮೇಲೆ ಬಾಕ್ಸು ಗೆರೆ ಎಳೆದು ಈ ಮೂರನ್ನೂ ತೋರಿಸಿದ್ರೆ ಎಲ್ಲಾ ಅರ್ಥ ಆದಂಗೆ ಅನ್ಸುತ್ತೆ, ಮಾರನೇ ದಿನ ಶಾಪ್ ಫ್ಲೋರ್‌ಗೆ ಇಳಿದ್ರೆ ಒಂದೂ ಅರ್ಥ ಆಗಿಲ್ಲ ಅಂತ ಗೊತ್ತಾಗುತ್ತೆ.

ನಾನು ಭದ್ರಾವತಿ ಕಡೆಯವನು, ಪುಣೆಗೆ ಬಂದು ಸೇರಿದ್ದು ಭೋಸರಿಯ ಒಂದು ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಕಂಪನಿಗೆ. ಟೂ ವೀಲರ್ ಇಂಜಿನ್ ಕವರ್ ಒಂದರ ಹೊಸ ಡೈ, ಅಂದ್ರೆ ಕರಗಿದ ಲೋಹ ತುಂಬಿ ಪಾರ್ಟ್ ಮಾಡೋ ಅಚ್ಚು, ನಮ್ಮದೇ ಟೂಲ್ ರೂಮಲ್ಲಿ ಮಾಡಿದ್ದು. ಮೊದಲನೇ ಟ್ರಯಲ್, ಅಂದ್ರೆ ಟಿ-ಒನ್, ಆಯ್ತು, ಪೀಸ್ ತಗೊಂಡು ಹೋಗಿ ಸಿಎಂಎಂ ಅನ್ನೋ ಅಳತೆ ಮೆಷಿನ್ ಮೇಲಿಟ್ಟು ನೋಡಿದ್ರೆ ಒಂದು ತೂತಿನ ಸೆಂಟರ್ 0.4 ಮಿಲಿಮೀಟರ್ ಪಕ್ಕಕ್ಕೆ ಹೋಗಿದೆ, ಡ್ರಾಯಿಂಗಲ್ಲಿ ಬಿಟ್ಟಿರೋದು 0.15 ಅಷ್ಟೇ. ಆ ತೂತು ಬರೋದು ಡೈ ಒಳಗಿನ ಕೋರ್ ಪಿನ್‌ನಿಂದ, ಪಿನ್ ಕೂತಿರೋದು ಒಂದು ಇನ್ಸರ್ಟಲ್ಲಿ, ಅಂದ್ರೆ ಡೈ ಒಳಗೆ ಬೇರೆಯಾಗಿ ಕೂರಿಸೋ ತುಂಡಲ್ಲಿ, ಸೋ ಇನ್ಸರ್ಟ್ ಹೊಸದಾಗಿ ಮಾಡ್ಬೇಕು. ಕಸ್ಟಮರ್‌ಗೆ ಪಿಪ್ಯಾಪ್ ಕೊಡೋಕೆ ಆವತ್ತಿಂದ ಸರಿಯಾಗಿ 14 ದಿನ. ಪಿಪ್ಯಾಪ್ ಅಂದ್ರೆ ನಿಮಗೆ ಗೊತ್ತು, ಬೇರೆಯವರು ಓದ್ತಿದ್ರೆ ಇರ್ಲಿ ಅಂತ ಹೇಳ್ತೀನಿ, ಮಾಸ್ ಪ್ರೊಡಕ್ಷನ್ ಶುರು ಮಾಡೋಕೆ ಮುಂಚೆ ಸ್ಯಾಂಪಲ್, ಅಳತೆ ರಿಪೋರ್ಟು, ಪ್ರೊಸೆಸ್ ಪೇಪರು ಎಲ್ಲಾ ಕಟ್ಟಿ ಕಸ್ಟಮರ್ ಮುಂದಿಟ್ಟು ಒಪ್ಪಿಗೆ ತಗೊಳ್ಳೋದು.

ಎರಡು ದಾರಿ ಇತ್ತು. ನಮ್ಮ ಟೂಲ್ ರೂಮಲ್ಲೇ ಮಾಡಿಸೋದು, ಬಿಟ್ಟಿ, ಆದ್ರೆ ಕ್ಯೂ 8 ದಿನ, ಕೆಲಸ 3 ದಿನ. ಇಲ್ಲಾಂದ್ರೆ ಪಕ್ಕದ ಗಲ್ಲಿಯ ವೆಂಡರ್ ಹತ್ರ ಮಾಡಿಸೋದು, 42,000 ರೂಪಾಯಿ, ಅವನು ಮೂರೇ ದಿನದಲ್ಲಿ ಕೊಡ್ತಾನೆ. ಇನ್ಸರ್ಟ್ ಬಂದ ಮೇಲೆ ಎರಡನೇ ಟ್ರಯಲ್‌ಗೆ ಒಂದು ದಿನ, ಸಿಎಂಎಂ ಸರದಿ ಸಿಗೋಕೆ ಎರಡು ದಿನ, ಪೇಪರ್‌ಗೆ ಎರಡು ದಿನ, ಇದು ಎರಡೂ ದಾರಿಗೂ ಕಾಮನ್. ಲೆಕ್ಕ ಹಾಕಿದ್ರೆ ಮನೇಲೇ ಮಾಡಿಸಿದ್ರೆ 16ನೇ ದಿನ, ಹೊರಗೆ ಮಾಡಿಸಿದ್ರೆ 8ನೇ ದಿನ. ಚಿಕ್ಕ ಹುಡುಗನಿಗೂ ಗೊತ್ತು ಯಾವುದು ಮಾಡ್ಬೇಕು ಅಂತ.

ಆವಾಗ ಕಂಪನಿ ಪಕ್ಕಾ ಫಂಕ್ಷನಲ್. ಟೂಲ್ ರೂಮ್, ಪ್ರೊಡಕ್ಷನ್, ಕ್ವಾಲಿಟಿ, ಪರ್ಚೇಸ್, ಒಂದೊಂದಕ್ಕೂ ಒಬ್ಬ ಹೆಡ್ಡು, ಎಲ್ಲರ ಮೇಲೆ ಒಬ್ರು ಜಿಎಂ. ನಾನು ಎನ್‌ಪಿಡಿ ಇಂಜಿನಿಯರ್, ಅಂದ್ರೆ ಹೊಸ ಪಾರ್ಟ್ ತಯಾರು ಮಾಡೋ ಕಡೆಯವನು, ಇಂಜಿನ್ ಕವರ್ ಪ್ರಾಜೆಕ್ಟ್ ನೋಡ್ಕೊಳ್ಳೋದು ನನ್ನ ಮಾಮೂಲಿ ಕೆಲಸದ ಮೇಲೆ ಇನ್ನೊಂದು ಹೊರೆ ಅಷ್ಟೇ. ನಾನು ಹೋಗಿ ಟೂಲ್ ರೂಮ್ ಹೆಡ್ ಮುಂದೆ ನಿಂತೆ. ಅವರು ಒಳ್ಳೇ ಮನುಷ್ಯ, ಚಹಾ ತರಿಸಿದ್ರು, ಆಮೇಲೆ “ಬಘೂಯಾ” ಅಂದ್ರು. ಪುಣೇಲಿ ಎರಡು ವರ್ಷ ಇದ್ದೋರಿಗೆ ಗೊತ್ತು, ಬಘೂಯಾ ಅಂದ್ರೆ ಡಿಕ್ಷನರಿ ಪ್ರಕಾರ ನೋಡೋಣ ಅಂತ, ನಿಜವಾದ ಅರ್ಥ ನೀನು ನನ್ನ ಬಾಸ್ ಅಲ್ಲ ಅಂತ. ಹೊರಗೆ ಕೊಡೋ ಇಂಡೆಂಟ್, ಅಂದ್ರೆ ಬೇಡಿಕೆ ಚೀಟಿ, ಅದರ ಮೇಲೆ ಅವರ ಸೈನ್ ಬೇಕು, ಅವರಿಗೆ ವರ್ಷದ ಕೊನೆಗೆ ಮಾರ್ಕ್ಸ್ ಬೀಳೋದು ತಮ್ಮ ಮೆಷಿನ್ ಎಷ್ಟು ಗಂಟೆ ಓಡ್ತು ಅನ್ನೋದರ ಮೇಲೆ, ಹೊರಗೆ ಕೊಟ್ಟ ಕೆಲಸ ಅವರ ಲೆಕ್ಕದಲ್ಲಿ ಮೈನಸ್ಸು. ಸೋ ಅವರು “ಇನ್‌ಹೌಸ್ ಕೆಪ್ಯಾಸಿಟಿ ಇದೆ” ಅಂತ ಬರೆದು ಇಂಡೆಂಟ್ ವಾಪಸ್ ಕಳಿಸಿದ್ರು. ನಾನು ನಮ್ಮ ಹೆಡ್ ಹತ್ರ ಹೋದೆ, ಅವರು ಜಿಎಂಗೆ ನೋಟ್ ಹಾಕಿದ್ರು, ಜಿಎಂ ಟೂರಲ್ಲಿ, ಮಧ್ಯೆ ಗುರುವಾರ ಬಂತು, ನಮ್ಮ ಎಂಐಡಿಸಿ ಇಂಡಸ್ಟ್ರಿಯಲ್ ಬೆಲ್ಟಲ್ಲಿ ವಾರದ ರಜೆ ಗುರುವಾರನೇ ಅಲ್ವಾ, ಅಂತೂ ಸೈನ್ ಆಗಿದ್ದು 6ನೇ ದಿನ. ಪರ್ಚೇಸ್‌ನವರು ಮೂರು ಕೊಟೇಷನ್ ಬೇಕು ಅಂದ್ರು, ಪಿಒ, ಅಂದ್ರೆ ಪರ್ಚೇಸ್ ಆರ್ಡರ್, ಬಿಡೋಕೆ ಇನ್ನೆರಡು ದಿನ. ವೆಂಡರ್‌ಗೆ 3 ದಿನ. 6 ಪ್ಲಸ್ 2 ಪ್ಲಸ್ 3, ಹನ್ನೊಂದು. ನಮ್ಮ ಟೂಲ್ ರೂಮಲ್ಲಿ ಬಿಟ್ಟಿಯಾಗಿ ಕ್ಯೂನಲ್ಲಿ ನಿಂತಿದ್ರೂ 11ನೇ ದಿನಕ್ಕೇ ಆಗ್ತಿತ್ತು! 42,000 ರೂಪಾಯಿ ಕೊಟ್ಟು ಒಂದೇ ಒಂದು ದಿನನೂ ಉಳಿಸ್ಲಿಲ್ಲ ನಾವು, ಪಿಪ್ಯಾಪ್ 16ನೇ ದಿನ ಹೋಯ್ತು, ಎರಡು ದಿನ ಲೇಟು, ಕಸ್ಟಮರ್ ಮೀಟಿಂಗಲ್ಲಿ ಎದ್ದು ನಿಂತು ಸಾರಿ ಹೇಳಿದ್ದು ನಾನು.

ಇದೇ ಫಂಕ್ಷನಲ್ ಸ್ಟ್ರಕ್ಚರಲ್ಲಿ ಪ್ರಾಜೆಕ್ಟ್ ನಡೆಸೋನ ಸ್ಥಿತಿ. ದುಡ್ಡು ಡಿಪಾರ್ಟ್‌ಮೆಂಟ್ ಹೆಡ್ ಕೈಲಿ, ಜನ ಅವರ ಕೈಲಿ, ಯಾವ ಕೆಲಸ ಮೊದಲು ಅನ್ನೋದೂ ಅವರ ಕೈಲಿ. ನಿಮಗೆ ಇರೋದು ಫೋನು ಮತ್ತು ಕಾಲು. ಪರೀಕ್ಷೆ ಭಾಷೇಲಿ ಇಂಥವನಿಗೆ ಎಕ್ಸ್‌ಪೆಡೈಟರ್ ಅಂತಾರೆ, ಅಂದ್ರೆ ಸುದ್ದಿ ಮುಟ್ಟಿಸೋನು, ಜ್ಞಾಪಿಸೋನು, ತಾನಾಗಿ ಯಾವ ನಿರ್ಧಾರನೂ ಮಾಡೋಕೆ ಆಗದೋನು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಕೋಆರ್ಡಿನೇಟರ್, ಅವನಿಗೆ ಸಣ್ಣಪುಟ್ಟ ನಿರ್ಧಾರದ ಹಕ್ಕು ಇರುತ್ತೆ, ರಿಪೋರ್ಟ್ ಮಾಡೋದೂ ಸ್ವಲ್ಪ ಮೇಲಿನ ಲೆವೆಲ್ಲಿಗೆ. ಇದನ್ನ ಹೇಳಿದ್ರೆ ಫಂಕ್ಷನಲ್ ಅಂದ್ರೆ ಕೆಟ್ಟದ್ದು ಅಂತ ತಿಳ್ಕೋಬೇಡಿ. ಅದೇ ಟೂಲ್ ರೂಮ್ ಹೆಡ್ ಡೈ ಮುಟ್ಟಿ ನೋಡಿ ಎಲ್ಲಿ ಕ್ರ್ಯಾಕ್ ಬರುತ್ತೆ ಅಂತ ಹೇಳ್ತಿದ್ರು, ಅವರ ಕೆಳಗೆ ಹತ್ತು ವರ್ಷ ಕೆಲಸ ಮಾಡಿದ ಟೂಲ್‌ಮೇಕರ್‌ಗಳ ಕೈ ಬೇರೆ ಎಲ್ಲೂ ಸಿಗಲ್ಲ. ಕೆಲಸ ಒಂದೇ ಡಿಪಾರ್ಟ್‌ಮೆಂಟ್ ಒಳಗೆ ಮುಗಿಯೋದಾದ್ರೆ, ಹಳೇ ಮೆಷಿನ್ ರಿಪೇರಿ ಮಾಡಿ ಹೊಸ ಕಂಟ್ರೋಲರ್ ಹಾಕೋದು ಅಂಥದ್ದು, ಫಂಕ್ಷನಲ್‌ಗಿಂತ ಚೆಂದ ಬೇರೆ ಇಲ್ಲ. ಒಂದು ಡಿಪಾರ್ಟ್‌ಮೆಂಟ್ ಗೋಡೆ ದಾಟಿ ಇನ್ನೊಂದಕ್ಕೆ ಹೋಗುವಾಗ್ಲೇ ದಿನಗಳು ಸೋರೋದು.

ಎರಡು ವರ್ಷ ಆದ ಮೇಲೆ ಕನ್ಸಲ್ಟಂಟ್‌ಗಳು ಬಂದ್ರು. ಹೊಸ ಆರ್ಗನೈಸೇಷನ್ ಚಾರ್ಟ್ ಕ್ಯಾಂಟೀನ್ ಬಾಗಿಲಿಗೆ ಅಂಟಿಸಿದ್ರು, ನಾವು ಐದು ಜನ ಫುಲ್ ಟೈಮ್ ಪ್ರಾಜೆಕ್ಟ್ ಮ್ಯಾನೇಜರ್‌ಗಳಾದ್ವಿ, ಟೂಲ್‌ಮೇಕರ್‌ನಿಂದ ಅವನ ಹೆಡ್‌ಗೆ ಗಟ್ಟಿ ಗೆರೆ, ನಮಗೆ ಚುಕ್ಕಿ ಗೆರೆ. ಇದೇ ಮ್ಯಾಟ್ರಿಕ್ಸ್, ಒಬ್ಬನಿಗೆ ಇಬ್ರು ಬಾಸ್. ಸ್ವೀಟ್ ಹಂಚಿದ್ವಿ. ಒಂದು ತಿಂಗಳಲ್ಲೇ ಗೊತ್ತಾಯ್ತು ಚುಕ್ಕಿ ಗೆರೆ ಅಂದ್ರೆ ಚುಕ್ಕಿ ಮಧ್ಯೆ ಖಾಲಿ ಜಾಗನೇ ಜಾಸ್ತಿ ಅಂತ.

ಗೇರ್ ಕೇಸಿಂಗ್ ಒಂದರಲ್ಲಿ ಮತ್ತೆ ಅದೇ ಥರ ಇನ್ಸರ್ಟ್ ಬದಲಾಯಿಸೋ ಕೆಲಸ ಬಂತು. ಟೂಲ್ ರೂಮ್ ಗೋಡೆ ಮೇಲೆ ಒಂದು ವೈಟ್ ಬೋರ್ಡು, ಒಂದೊಂದು ಕೆಲಸಕ್ಕೂ ಒಂದು ಮ್ಯಾಗ್ನೆಟ್ ಕಾರ್ಡು, ಮೇಲಿಂದ ಕೆಳಕ್ಕೆ ಯಾವ ಕೆಲಸ ಮೊದಲು ಅಂತ ಸಾಲಾಗಿ. ನಾನು ಟೂಲ್ ರೂಮ್ ಹೆಡ್ ಜೊತೆ ಕೂತು ಮಾತಾಡಿ ನನ್ನ ಕಾರ್ಡ್ ಮೂರನೇ ಜಾಗಕ್ಕೆ ಹಾಕಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ ಐದನೇ ಜಾಗದಲ್ಲಿದೆ. ಸಂಜೆ ಇನ್ನೊಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಬಂದು, ನಮ್ಮ ಕಸ್ಟಮರ್ ದೊಡ್ಡದು ಅಂತ ಮಾತಾಡಿ, ತನ್ನ ಎರಡು ಕಾರ್ಡ್ ಮೇಲೆ ಹಾಕಿಸಿದ್ದ. ನಾನು ಹೋಗಿ ಮತ್ತೆ ಮೇಲೆ ಹಾಕಿದೆ, ಅವನು ಬಂದ, ನಾವಿಬ್ರೂ ಬೋರ್ಡ್ ಮುಂದೆ ನಿಂತು ಜಗಳ. ಆ ಕಡೆ ಮೆಷಿನ್ ಹತ್ರ ನಿಂತಿದ್ದ ಟೂಲ್‌ಮೇಕರ್, ವಿಜಯಪುರದವನು, ಕೈ ಒರೆಸ್ಕೋತಾ ಕನ್ನಡದಲ್ಲೇ ಹೇಳಿದ, “ಸಾಹೇಬ್ರ, ಮೊದಲ ನೀವಿಬ್ರೂ ಮಾತಾಡ್ಕೊಂಡ ಬರ್ರಿ, ಯಾವ ಜಾಬ್ ಕಟ್ಟಲಿ ಹೇಳ್ರಿ, ನಾ ಇಲ್ಲೇ ಇರ್ತೀನಿ.” ಆ ಶಿಫ್ಟಲ್ಲಿ ಮೆಷಿನ್ ಮುಕ್ಕಾಲು ಭಾಗ ಸುಮ್ನೆ ನಿಂತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಮ್ಯಾಟ್ರಿಕ್ಸಲ್ಲಿ ಆ ಕೂಸು ಟೂಲ್‌ಮೇಕರ್.

ಪುಸ್ತಕದಲ್ಲಿ ಮ್ಯಾಟ್ರಿಕ್ಸ್‌ನ ಮೂರು ಮಾಡ್ತಾರೆ, ವೀಕ್, ಬ್ಯಾಲೆನ್ಸ್ಡ್, ಸ್ಟ್ರಾಂಗ್. ವೀಕ್ ಅಂದ್ರೆ ಫಂಕ್ಷನಲ್‌ಗೇ ಹೊಸ ಹೆಸರು, ಬಜೆಟ್ ಇನ್ನೂ ಡಿಪಾರ್ಟ್‌ಮೆಂಟ್ ಹೆಡ್ ಕೈಲೇ, ಪ್ರಾಜೆಕ್ಟ್ ಮ್ಯಾನೇಜರ್ ಬಹಳ ಸಲ ಪಾರ್ಟ್ ಟೈಮ್. ಬ್ಯಾಲೆನ್ಸ್ಡ್ ಅಂದ್ರೆ ಇಬ್ರೂ ಹಂಚ್ಕೋತಾರೆ, ಬಜೆಟ್ ಮಿಕ್ಸ್ಡ್ ಅಂತ ಟೇಬಲ್‌ನಲ್ಲಿ ಬರೆದಿರ್ತಾರೆ. ಸ್ಟ್ರಾಂಗಲ್ಲಿ ಬಜೆಟ್ ಪ್ರಾಜೆಕ್ಟ್ ಮ್ಯಾನೇಜರ್ ಕೈಗೆ ಬರುತ್ತೆ, ಅವನು ಫುಲ್ ಟೈಮು, ಅವನಿಗೆ ಸಹಾಯಕ್ಕೆ ಆಫೀಸ್ ಸ್ಟಾಫೂ ಫುಲ್ ಟೈಮು. ಇದರಲ್ಲಿ ನನ್ನ ಅನುಭವಕ್ಕೆ ಅತೀ ಕಷ್ಟದ್ದು ಬ್ಯಾಲೆನ್ಸ್ಡ್, ಹೆಸರು ಕೇಳೋಕೆ ಮಾತ್ರ ಚೆಂದ. ವೀಕಲ್ಲಿ ನಿಮಗೆ ಪವರ್ ಇಲ್ಲ ಅಂತ ಎಲ್ಲರಿಗೂ ಗೊತ್ತು, ಸೋ ಯಾರೂ ನಿಮ್ಮಿಂದ ಜಾಸ್ತಿ ನಿರೀಕ್ಷೆ ಮಾಡಲ್ಲ. ಬ್ಯಾಲೆನ್ಸ್ಡಲ್ಲಿ ಅರ್ಧ ಪವರ್ ಇದೆ ಅಂತ ನೀವು ಅಂದ್ಕೊಂಡಿರ್ತೀರಿ, ಅರ್ಧ ಇದೆ ಅಂತ ಅವರೂ ಅಂದ್ಕೊಂಡಿರ್ತಾರೆ, ಯಾವ ಅರ್ಧ ಯಾರದು ಅಂತ ಬರೆದಿರೋದಿಲ್ಲ, ಅದನ್ನ ದಿನಾ ಬೆಳಿಗ್ಗೆ ಬೋರ್ಡ್ ಮುಂದೆ ಹೊಸದಾಗಿ ತೀರ್ಮಾನ ಮಾಡ್ಬೇಕು.

ನಮ್ಮ ಕಡೆ ಅದು ಸರಿಹೋಗಿದ್ದು ಚಾರ್ಟ್ ಬದಲಾಯಿಸಿ ಅಲ್ಲ. ಬೋರ್ಡ್ ಜಗಳ ಜಿಎಂ ಕಿವಿಗೆ ಬಿದ್ದು ಅವರು ಮೂರು ಸಣ್ಣ ವಿಷಯ ಮಾಡಿದ್ರು.

ಮೊದಲನೇದು, ಪ್ರತೀ ಸೋಮವಾರ ಬೆಳಿಗ್ಗೆ ಕಾಲು ಗಂಟೆ, ಐದು ಪ್ರಾಜೆಕ್ಟ್ ಮ್ಯಾನೇಜರು, ಟೂಲ್ ರೂಮ್ ಹೆಡ್ಡು, ಕ್ವಾಲಿಟಿ ಹೆಡ್ಡು, ಒಂದು ಹಾಳೆ. ಆ ವಾರದಲ್ಲಿ ಯಾವ ಕೆಲಸ ಒಂದು, ಯಾವುದು ಎರಡು ಅಂತ ಜಿಎಂ ಬರೆದು ಸೈನ್ ಮಾಡ್ತಿದ್ರು. ಆಮೇಲೆ ಮ್ಯಾಗ್ನೆಟ್ ಮುಟ್ಟಬೇಕಂದ್ರೆ ಅವರ ಹತ್ರನೇ ಹೋಗ್ಬೇಕು. ಸಿಎಂಎಂಗೂ ಇದೇ ಹಾಳೆ. ನನ್ನ ಪವರ್ ಇದರಲ್ಲಿ ಒಂದು ಗುಲಗಂಜಿಯಷ್ಟೂ ಜಾಸ್ತಿ ಆಗ್ಲಿಲ್ಲ ನೋಡಿ, ಬರೀ ಗೊಂದಲ ಕಮ್ಮಿ ಆಯ್ತು, ಅದೇ ಸಾಕಾಯ್ತು.

ಎರಡನೇದು ದುಡ್ಡು. ಹೊಸ ಡೈ ಒಂದಕ್ಕೆ ಆವಾಗ ಹೆಚ್ಚೂಕಮ್ಮಿ 38 ಲಕ್ಷ ಬಜೆಟ್ ಇರ್ತಿತ್ತು, ಅದರಲ್ಲಿ 3 ಲಕ್ಷ ಟ್ರಯಲ್ ಆದ್ಮೇಲಿನ ತಿದ್ದುಪಡಿಗೆ ಅಂತ ಬೇರೆ ತೆಗೆದಿಟ್ರು, ಒಂದು ಸಲಕ್ಕೆ 50,000 ವರೆಗೆ ಪ್ರಾಜೆಕ್ಟ್ ಮ್ಯಾನೇಜರೇ ಸೈನ್ ಮಾಡಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ, ಬರೀ ಸೈನ್ ಲಿಮಿಟ್ ಕೊಟ್ಟಿದ್ರೆ ಪರ್ಚೇಸ್‌ನವರ ಮೂರು ಕೊಟೇಷನ್‌ನಲ್ಲಿ ಮತ್ತೆ ಸಿಕ್ಕಾಕೊಳ್ತಿದ್ವಿ. ಅದಕ್ಕೆ ಅವರೇ ಮುಂಚೆನೇ ಇಬ್ರು ವೆಂಡರ್ ಜೊತೆ ರೇಟ್ ಕಾಂಟ್ರ್ಯಾಕ್ಟ್ ಮಾಡಿಟ್ರು, ಕರೆಂಟ್ ಕಿಡಿಯಿಂದ ಉಕ್ಕು ಕೊರೆಯೋ ಕೆಲಸಕ್ಕೆ, ವೈರ್ ಕಟ್‌ಗೆ ಇಷ್ಟು, ಸ್ಪಾರ್ಕ್‌ಗೆ ಇಷ್ಟು ಅಂತ. ಪರ್ಚೇಸ್‌ಗೆ ರೇಟ್ ಮೇಲಿನ ಹಿಡಿತ ಹೋಗ್ಲಿಲ್ಲ, ನಮಗೆ ದಿನ ಹೋಗ್ಲಿಲ್ಲ. ಮುಂದಿನ ಸಲ ಇಂಥದ್ದೇ ತಪ್ಪು ಬಂದಾಗ ಬೆಳಿಗ್ಗೆ ಫೋನ್ ಮಾಡಿದೆ, ಮಧ್ಯಾಹ್ನ ಇನ್ಸರ್ಟ್ ಟೆಂಪೋ ಹತ್ತಿತು, 3ನೇ ದಿನ ವಾಪಸ್, 4ನೇ ದಿನ ಟ್ರಯಲ್, 6ರ ಹೊತ್ತಿಗೆ ಅಳತೆ ರಿಪೋರ್ಟ್, 8ನೇ ದಿನ ಪಿಪ್ಯಾಪ್ ಕಸ್ಟಮರ್ ಟೇಬಲ್ ಮೇಲೆ. ಅದೇ ವೆಂಡರ್, ಅದೇ ಥರದ ಕೆಲಸ, ಅದೇ ಕಂಪನಿ. ಎಂಟು ದಿನದ ವ್ಯತ್ಯಾಸ ಬಂದಿದ್ದು ಸೈನ್ ಯಾರದ್ದು ಅನ್ನೋದರಿಂದ.

ಮೂರನೇದು ಅಪ್ರೈಸಲ್. ಅಲ್ಲಿವರೆಗೂ ನನ್ನ ಪ್ರಾಜೆಕ್ಟಲ್ಲಿ ಕೆಲಸ ಮಾಡೋ ಪ್ರೊಸೆಸ್ ಇಂಜಿನಿಯರ್‌ನ ಇನ್‌ಕ್ರಿಮೆಂಟ್ ಪೂರ್ತಿ ಅವನ ಹೆಡ್ ಬರೀತಿದ್ರು. ಆ ಹುಡುಗ ನನ್ನ ಒಂಬತ್ತೂವರೆ ಮೀಟಿಂಗ್‌ಗೆ ಹತ್ತಕ್ಕೆ ಬರ್ತಿದ್ದ, ತಪ್ಪು ಅವನದಲ್ಲ, ಅವನ ಹೆಡ್ ಅದೇ ಹೊತ್ತಿಗೆ ಲೈನ್ ಮೇಲೆ ರೌಂಡ್ ಹೋಗ್ತಿದ್ರು, ಯಾರ ಕಣ್ಣಿಗೆ ಬೀಳ್ಬೇಕು ಅಂತ ಅವನಿಗೆ ಗೊತ್ತಿತ್ತು. ಅಪ್ರೈಸಲ್ ಫಾರ್ಮಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ ನೂರಕ್ಕೆ 30 ಮಾರ್ಕ್ಸ್ ಕೊಡೋ ಕಾಲಂ ಸೇರಿಸಿದ್ರು. ನಾನು ಯಾರಿಗೂ ಒಂದು ಮಾತೂ ಹೇಳ್ಲಿಲ್ಲ, ಮುಂದಿನ ವಾರದಿಂದ ಒಂಬತ್ತು ಇಪ್ಪತ್ತೈದಕ್ಕೇ ಕುರ್ಚಿ ತುಂಬೋಕೆ ಶುರು ಆಯ್ತು.

ಈ ಮೂರು ಸೇರಿದ್ಮೇಲೆ ನಾವು ಬ್ಯಾಲೆನ್ಸ್ಡ್‌ನಿಂದ ಸ್ಟ್ರಾಂಗ್ ಕಡೆ ಸರಿದ್ವಿ, ಚಾರ್ಟ್ ಮಾತ್ರ ಕ್ಯಾಂಟೀನ್ ಬಾಗಿಲಲ್ಲಿ ಮೊದಲಿನಂಗೇ ಇತ್ತು, ಎಣ್ಣೆ ಕಲೆ ಬಿದ್ದಿತ್ತು ಅಷ್ಟೇ. ಆದ್ರೆ ಇದಕ್ಕೂ ಬೆಲೆ ಇದೆ, ಹೇಳ್ದೇ ಹೋದ್ರೆ ಮೋಸ. ಐದೂ ಜನ ಚಿಕ್ಕ ಚಿಕ್ಕ ಕೆಲಸಕ್ಕೂ ಹೊರಗೇ ಫೋನ್ ಹಚ್ಚೋಕೆ ಶುರು ಮಾಡಿದ್ವಿ, ಒಂದು ವರ್ಷದಲ್ಲಿ ನಮ್ಮದೇ ವೈರ್ ಕಟ್ ಮೆಷಿನ್ ಖಾಲಿ ನಿಲ್ಲೋ ದಿನ ಬಂತು, ಒಂದೇ ವೆಂಡರ್‌ಗೆ ಇಬ್ರು ಒಂದೇ ದಿನ ಬೇರೆಬೇರೆ ಟೆಂಪೋ ಕಳಿಸಿದ್ದೂ ಇದೆ. ಟೂಲ್ ರೂಮ್ ಹೆಡ್ ಮೊದಲಿಂದ ಗೊಣಗ್ತಿದ್ದದ್ದು ಅದನ್ನೇ, ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಕಾಣೋದು ತನ್ನ ಡೇಟು, ಹೆಡ್‌ಗೆ ಕಾಣೋದು ಇಡೀ ಶಾಪು, ಎರಡೂ ಬೇಕು ಅಂತ್ಲೇ ಮ್ಯಾಟ್ರಿಕ್ಸ್ ಹುಟ್ಟಿದ್ದು. ಅಮೆರಿಕದ ವಿಮಾನ, ಬಾಹ್ಯಾಕಾಶ ಕಂಪನಿಗಳಲ್ಲಿ 1960ರ ದಶಕದಲ್ಲಿ ಇದು ಬೆಳೆದದ್ದೂ ಇದೇ ಇಕ್ಕಟ್ಟಿನಿಂದ, ಆಳವಾದ ಸ್ಪೆಷಲಿಸ್ಟ್‌ಗಳೂ ಬೇಕು, ಪ್ರತೀ ಪ್ರಾಜೆಕ್ಟ್‌ಗೆ ಉತ್ತರ ಕೊಡೋಕೆ ಒಬ್ಬ ಆಳೂ ಬೇಕು.

ಈಗ ಪ್ರಾಜೆಕ್ಟೈಸ್ಡ್, ಅಂದ್ರೆ ಪ್ರಾಜೆಕ್ಟ್‌ಗೇ ಅಂತ ಬೇರೆ ತಂಡ, ಎಲ್ಲರೂ ಪ್ರಾಜೆಕ್ಟ್ ಮ್ಯಾನೇಜರ್ ಕೈಕೆಳಗೆ. ಇದಕ್ಕೆ ಒಳ್ಳೇ ಉದಾಹರಣೆ ನಾವೆಲ್ಲ ಊರಿಗೆ ಹೋಗುವಾಗ ಕಿಟಕಿಯಿಂದ ನೋಡಿದ್ದೇ, ಕೊಂಕಣ ರೈಲ್ವೆ. ಮಾಮೂಲಿ ರೈಲ್ವೇಲಿ ಸಿವಿಲ್, ಎಲೆಕ್ಟ್ರಿಕಲ್, ಸಿಗ್ನಲ್, ಅಕೌಂಟ್ಸ್ ಎಲ್ಲಾ ಬೇರೆ ಬೇರೆ ಇಲಾಖೆ, ಫೈಲ್ ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿ ಇಳೀಬೇಕು. ಈ ಒಂದು ಲೈನಿಗೋಸ್ಕರ 1990ರಲ್ಲಿ ಬೇರೆ ಕಾರ್ಪೊರೇಷನ್ನೇ ಮಾಡಿ ಇ. ಶ್ರೀಧರನ್ ಅವರ ಕೈಗೆ ಕೊಟ್ರು. ರೋಹಾದಿಂದ ಮಂಗಳೂರು ಹತ್ರದವರೆಗೆ ಸುಮಾರು 740 ಕಿಲೋಮೀಟರು, ಅದನ್ನ ಏಳು ಸೆಕ್ಟರ್ ಮಾಡಿದ್ರು, ಮಹಾಡ್, ರತ್ನಗಿರಿ ಉತ್ತರ, ರತ್ನಗಿರಿ ದಕ್ಷಿಣ, ಕುಡಾಳ್, ಪಣಜಿ, ಕಾರವಾರ, ಉಡುಪಿ, ಒಂದೊಂದು ಹೆಚ್ಚೂಕಮ್ಮಿ 100 ಕಿಲೋಮೀಟರು, ಒಂದೊಂದಕ್ಕೂ ಒಬ್ಬ ಚೀಫ್ ಇಂಜಿನಿಯರು, ನಿರ್ಧಾರ ಸೈಟಲ್ಲೇ. 1998ರ ಜನವರಿಯಲ್ಲಿ ಪೂರ್ತಿ ಲೈನ್ ಓಪನ್ ಆಯ್ತು. ಸಹ್ಯಾದ್ರಿ, ಮಳೆ, ಗೋವಾದಲ್ಲಿ ಅಲೈನ್‌ಮೆಂಟ್ ಮೇಲೆ ಎದ್ದ ವಿರೋಧ ಇಷ್ಟೆಲ್ಲಾ ಇಟ್ಕೊಂಡು, ಪ್ರತೀ ನಿರ್ಧಾರಕ್ಕೂ ಫೈಲ್ ದಿಲ್ಲಿಗೆ ಹೋಗಿ ಬರ್ಬೇಕಿದ್ದಿದ್ರೆ ಏನಾಗ್ತಿತ್ತು ಅಂತ ನೀವೇ ಊಹಿಸಿ.

ನಾನು ಈ ಸ್ಟ್ರಕ್ಚರ್ ಮೈಮೇಲೆ ಹಾಕ್ಕೊಂಡಿದ್ದು ಗೋವಾದ ವೆರ್ಣಾದಲ್ಲಿ. ಡೈ ಕಾಸ್ಟಿಂಗ್ ಬಿಟ್ಟು ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿ ಸೇರಿದ್ದೆ, ಔಷಧಿ ಫ್ಯಾಕ್ಟರಿ ಒಂದಕ್ಕೆ ಯುಟಿಲಿಟಿ ಪೈಪಿಂಗ್ ಹಾಕೋ ಕೆಲಸ, ಸೈಟ್‌ನ ಪ್ರಾಜೆಕ್ಟ್ ಮ್ಯಾನೇಜರ್ ನಾನೇ. ಪ್ಲಾನರ್, ಸೈಟ್ ಇಂಜಿನಿಯರ್‌ಗಳು, ಸ್ಟೋರ್, ಅಕೌಂಟ್ಸ್, ಸೇಫ್ಟಿ, ಎಲ್ಲರ ರಜೆ ಅರ್ಜಿ ನನ್ನ ಟೇಬಲ್ಲಿಗೆ, ಅಪ್ರೈಸಲ್ ನನ್ನದು, 3 ಲಕ್ಷದವರೆಗೆ ಸೈನ್ ನನ್ನದು. ಒಂದಿನ ಬೆಳಿಗ್ಗೆ ಚಿಲ್ಡ್ ವಾಟರ್ ಪೈಪು ಕೇಬಲ್ ಟ್ರೇಗೆ ಅಡ್ಡ ಬರ್ತಿದೆ ಅಂತ ಫೋನ್ ಬಂತು. ಹೋಗಿ ನೋಡ್ದೆ, ಏಣಿ ಹತ್ತಿದೆ, ಟೇಪ್ ಹಿಡಿದೆ, ಪೈಪನ್ನೇ ಕೆಳಗಿಳಿಸೋಣ ಅಂದೆ, ಖರ್ಚು ಸುಮಾರು 60,000, ನಲವತ್ತು ನಿಮಿಷದಲ್ಲಿ ಗ್ಯಾಸ್ ಕಟರ್ ಹಚ್ಚಿದ್ರು. ಭೋಸರಿಯ ಆ ಆರು ದಿನದ ಸೈನ್ ನೆನಪಾಗಿ ಏಣಿ ಮೇಲೇ ನಗು ಬಂತು ನನಗೆ.

ಆದ್ರೆ ಅದೇ ಸೈಟಲ್ಲಿ ನಾನು ಮಾಡಿದ ತಪ್ಪೂ ಕೇಳಿ. ಸ್ಟೇನ್‌ಲೆಸ್ ಸ್ಟೀಲ್ ಪೈಪ್ ವೆಲ್ಡ್ ಮಾಡುವಾಗ ಪೈಪ್ ಒಳಗಿಂದ ಆರ್ಗಾನ್ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳಬೇಕು, ಇಲ್ಲಾಂದ್ರೆ ಒಳಮೈ ಸುಟ್ಟು ಸಕ್ಕರೆ ಪಾಕ ಕಟ್ಟಿದಂಗೆ ಕಪ್ಪಗೆ ಗಂಟು ಗಂಟಾಗುತ್ತೆ, ಔಷಧಿ ಲೈನಲ್ಲಿ ಅದು ಪೂರ್ತಿ ರಿಜೆಕ್ಟ್. ಡೇಟ್ ಹತ್ರ ಬಂದಿತ್ತು, ಆರ್ಗಾನ್ ಸಿಲಿಂಡರ್ ಬರೋದು ಲೇಟಾಗಿತ್ತು, ನಮ್ಮ ವೆಲ್ಡಿಂಗ್ ಇಂಜಿನಿಯರ್ ಎರಡು ವರ್ಷ ಅನುಭವದ ಹುಡುಗ, ಒಳಗಿನ ಗ್ಯಾಸ್ ಕಮ್ಮಿ ಬಿಟ್ಟು ಮುಂದುವರೀಲಾ ಸಾರ್ ಅಂತ ಕೇಳಿದ, ನಾನು ಮುಂದುವರಿ ಅಂದೆ. ಕ್ಲೈಂಟ್ ಕ್ಯಾಮರಾ ಹಾಕಿ ನೋಡಿ 22 ಜಾಯಿಂಟ್ ಕತ್ತರಿಸಿ ಅಂದ್ರು. ಫಂಕ್ಷನಲ್ ಕಂಪನಿ ಆಗಿದ್ರೆ ಆ ಹುಡುಗನ ಮೇಲೆ ಒಬ್ಬ ತಲೆ ನರೆತ ವೆಲ್ಡಿಂಗ್ ಹೆಡ್ ಇರ್ತಿದ್ರು, ಅವರು “ಬಘೂಯಾ” ಅಂದು ನನ್ನ ಕೆಲಸ ನಿಲ್ಲಿಸ್ತಿದ್ರು, ನಾನು ಅವರನ್ನ ಬೈಕೋತಾ ಇರ್ತಿದ್ದೆ, ಜಾಯಿಂಟ್ ಉಳೀತಿತ್ತು. ಪ್ರಾಜೆಕ್ಟೈಸ್ಡಲ್ಲಿ ಬೇಡ ಅನ್ನೋರು ಯಾರೂ ಇರಲ್ಲ, ಬೇಡ ಅನ್ನೋಕೆ ಬೇಕಾದ ತಿಳುವಳಿಕೆ ಇರೋನೂ ನನ್ನ ಕೈಕೆಳಗೇ ಇರ್ತಾನೆ.

ಇನ್ನೊಂದು ವಿಷಯ ಪುಸ್ತಕದ ಟೇಬಲ್‌ನಲ್ಲಿ ಕಾಣಲ್ಲ. ಅಲ್ಲಿ ಪ್ರಾಜೆಕ್ಟೈಸ್ಡ್ ಕಾಲಂ ಕೆಳಗೆ ಪ್ರಾಜೆಕ್ಟ್ ಮ್ಯಾನೇಜರ್ ಅಧಿಕಾರ ಹೈನಿಂದ ಹೆಚ್ಚೂಕಮ್ಮಿ ಸಂಪೂರ್ಣ ಅಂತ ಬರೆದಿರುತ್ತೆ, ಅದು ಶುರುವಿನಿಂದ ಕೊನೆವರೆಗೂ ಒಂದೇ ಮಟ್ಟದಲ್ಲಿ ಇರುತ್ತೆ ಅಂತ ನಾವು ಅಂದ್ಕೋತೀವಿ. ಇರಲ್ಲ. ವೆರ್ಣಾದಲ್ಲಿ ಕೊನೇ ಎರಡು ತಿಂಗಳು ನಾನು ಹೇಳಿದ ಮಾತಿಗೆ ಎಲ್ಲರೂ ಹೂಂ ಅಂತಿದ್ರು, ಕೆಲಸ ಮಾತ್ರ ಮುಂದೆ ಹೋಗ್ತಿರ್ಲಿಲ್ಲ. ಪ್ಲಾನರ್ ಮುಂಬೈನಲ್ಲಿ ಇಂಟರ್‌ವ್ಯೂ ಕೊಟ್ಟು ಬಂದಿದ್ದ, ಸ್ಟೋರ್‌ನವನು ಇನ್ನೊಂದು ಸೈಟ್ ಹುಡುಕ್ತಿದ್ದ, ಉಳಿದಿರೋ ಸಣ್ಣಪುಟ್ಟ ಕೆಲಸದ ಪಂಚ್ ಲಿಸ್ಟಲ್ಲಿ 140 ಪಾಯಿಂಟ್, ಮುಗಿಸೋಕೆ ಕೈಗಳಿಲ್ಲ. ಅವರ ತಪ್ಪಲ್ಲ, ಪ್ರಾಜೆಕ್ಟ್ ಮುಗಿದ್ರೆ ವಾಪಸ್ ಹೋಗೋಕೆ ಅವರಿಗೆ ಡಿಪಾರ್ಟ್‌ಮೆಂಟ್ ಅನ್ನೋ ಮನೆನೇ ಇಲ್ಲ. ಮುಂದಿನ ಸೈಟ್‌ನಲ್ಲಿ ನಾನು ಮೊದಲೇ ಹೆಡ್ ಆಫೀಸಿಂದ ಬರೆಸ್ಕೊಂಡೆ, ಕೊನೆವರೆಗೂ ನಿಂತೋರಿಗೆ ಮುಂದಿನ ಪೋಸ್ಟಿಂಗ್ ಒಂದು ತಿಂಗಳು ಮುಂಚೆ ಹೇಳ್ಬೇಕು ಅಂತ, ಅದರಿಂದ ಅರ್ಧ ಸಮಸ್ಯೆ ಹೋಯ್ತು.

ಈಗ ನಿಮ್ಮ ವಿಷಯ. ಎಚ್‌ಆರ್ ಏನಾದ್ರೂ ಅನ್ಲಿ, ನೀವು ಬರೆದಿರೋದು ನೋಡಿದ್ರೆ ನಿಮ್ಮದು ವೀಕ್ ಮ್ಯಾಟ್ರಿಕ್ಸ್, ಫಂಕ್ಷನಲ್‌ಗೆ ಒಂದು ಕೂದಲೆಳೆ ದೂರ. ಖಾತ್ರಿ ಮಾಡ್ಕೊಳ್ಳೋಕೆ ನೀವೇ ನೋಡಿ, ಕಳೆದ ತಿಂಗಳು ನಿಮ್ಮ ಪ್ರಾಜೆಕ್ಟ್‌ಗೆ ಬಿಟ್ಟ ಪಿಒಗಳ ಅಪ್ರೂವಲ್‌ನಲ್ಲಿ ಒಂದರಲ್ಲಾದ್ರೂ ನಿಮ್ಮ ಹೆಸರು ಇತ್ತಾ, ನಿಮ್ಮ ಟೀಮ್ ಹುಡುಗ ರಜೆ ಹಾಕಿದ್ರೆ ನಿಮಗೆ ಮುಂಚೆ ಗೊತ್ತಾಗುತ್ತಾ ಅಥವಾ ಅವನು ಬರದೇ ಇದ್ದಾಗ ಗೊತ್ತಾಗುತ್ತಾ, ಎರಡು ಪ್ರಾಜೆಕ್ಟ್ ಒಂದೇ ಮೆಷಿನ್‌ಗೆ ಬಡಿದಾಡಿದಾಗ ತೀರ್ಪು ಯಾರು ಕೊಟ್ರು. ಮೂರಕ್ಕೂ ಉತ್ತರ ಡಿಪಾರ್ಟ್‌ಮೆಂಟ್ ಹೆಡ್ ಅಂತ ಬಂದ್ರೆ ಡೆಸಿಗ್ನೇಷನ್ ಏನೇ ಇರ್ಲಿ, ನೀವು ಕೋಆರ್ಡಿನೇಟರ್.

ಹಂಗಂತ ಹೋಗಿ ಟೂಲ್ ರೂಮ್‌ನವರು ನನಗೆ ರಿಪೋರ್ಟ್ ಮಾಡ್ಲಿ ಅಂತ ಕೇಳ್ಬೇಡಿ. ಕೊಡಲ್ಲ, ಕೊಡ್ಲೂಬಾರದು, ಆ ಹೆಡ್ ಜನ್ಮಪೂರ್ತಿ ನಿಮ್ಮ ಶತ್ರು ಆಗ್ತಾರೆ. ಮೇಲೆ ಹೇಳಿದ ಮೂರರಲ್ಲಿ ಒಂದೊಂದಾಗಿ ಕೇಳಿ, ಆರ್ಡರ್ ಮುಖ್ಯ. ಮೊದಲು ವಾರದ ಆ ಹಾಳೆ, ಅದಕ್ಕೆ ಯಾರೂ ಏನೂ ಕಳ್ಕೊಳ್ಳಲ್ಲ, ಬೇಡ ಅನ್ನೋಕೆ ಕಾರಣ ಸಿಗಲ್ಲ. ಅದು ಎರಡು ಮೂರು ತಿಂಗಳು ನಡೆದ ಮೇಲೆ ಸೈನ್ ಲಿಮಿಟ್ ಕೇಳಿ, ಕೇಳುವಾಗ ಬರಿಗೈಲಿ ಹೋಗ್ಬೇಡಿ. ನಿಮ್ಮ ಹಳೇ ಪ್ರಾಜೆಕ್ಟ್ ಒಂದನ್ನ ತಗೊಂಡು, ಇಂಡೆಂಟ್ ಹಾಕಿದ ದಿನ, ಸೈನ್ ಆದ ದಿನ, ಪಿಒ ದಿನ, ಮಾಲು ಬಂದ ದಿನ, ಈ ನಾಲ್ಕು ತಾರೀಕು ಕಂಪನಿಯ ಸ್ಯಾಪ್ ಸಾಫ್ಟ್‌ವೇರ್‌ನಿಂದ ತೆಗೆದು ಒಂದು ಸಾಲಲ್ಲಿ ಬರೆದು ತೋರಿಸಿ, ಯಾರ ಹೆಸರೂ ಹಾಕ್ಬೇಡಿ. ನನ್ನ ಆ 6 ಪ್ಲಸ್ 2 ಪ್ಲಸ್ 3 ಅನ್ನೋ ಲೆಕ್ಕ ನೋಡೇ ನಮ್ಮ ಜಿಎಂ ಒಪ್ಪಿದ್ದು, ಪವರ್ ಬೇಕು ಅಂತ ಕೇಳಿದ್ದಿದ್ರೆ ಟ್ರೇನಿಂಗ್‌ಗೆ ಕಳಿಸ್ತಿದ್ರು. ಅಪ್ರೈಸಲ್ ಕಾಲಂ ಕೊನೆಗೆ, ಅದಕ್ಕೆ ಎಚ್‌ಆರ್ ವರ್ಷದ ಸೈಕಲ್ ಬರೋವರೆಗೂ ಕಾಯ್ಬೇಕು.

ಪರೀಕ್ಷೆಗೆ ಎರಡೇ ಮಾತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಗೈಡ್ ಪುಸ್ತಕ ಪಿಎಂಬಾಕ್‌ನ ಆರನೇ ಎಡಿಷನ್, 2017ರದ್ದು, ಅದರಲ್ಲಿ ಪ್ರಾಜೆಕ್ಟೈಸ್ಡ್ ಅನ್ನೋದನ್ನ ಪ್ರಾಜೆಕ್ಟ್ ಓರಿಯೆಂಟೆಡ್ ಅಂತ ಕರೆದಿದ್ದಾರೆ, ಎರಡೂ ಒಂದೇ, ಹೆಸರು ನೋಡಿ ಗಾಬರಿ ಆಗ್ಬೇಡಿ. ಇನ್ನೊಂದು, ಟೈಟ್ ಮ್ಯಾಟ್ರಿಕ್ಸ್ ಅಂತ ಆಪ್ಷನ್ ಕೊಟ್ಟು ಬೀಳಿಸ್ತಾರೆ, ಸ್ಟ್ರಾಂಗ್ ಮ್ಯಾಟ್ರಿಕ್ಸ್‌ಗೆ ಇನ್ನೊಂದು ಹೆಸರಿರ್ಬೇಕು ಅಂತ ಟಿಕ್ ಮಾಡ್ಬಿಡ್ತೀವಿ. ಅದು ಸ್ಟ್ರಕ್ಚರೇ ಅಲ್ಲ, ಟೀಮ್ ಪೂರ್ತಿ ಒಂದೇ ರೂಮಲ್ಲಿ ಕೂರಿಸೋದಕ್ಕೆ ಹಾಗಂತಾರೆ ಅಷ್ಟೇ.